ಸರ್ವಿಸ್ ಕಂಪನಿಯಿಂದ ಪ್ರಾಡಕ್ಟ್ ಕಂಪನಿಗೆ: ಮಾಡಿದ ಕೆಲಸವನ್ನು ಹೇಳುವ ಬಗೆ

ಸಾಫ್ಟ್‌ವೇರ್ ಸೇವೆಯನ್ನು ಮಾರುವ ಕಂಪನಿಯೊಂದರಲ್ಲಿ ಐದಾರು ವರ್ಷ ದುಡಿದು, ಕ್ಲೈಂಟಿನ ಮೆಚ್ಚುಗೆಯನ್ನೂ ಮ್ಯಾನೇಜರನ ವಿಶ್ವಾಸವನ್ನೂ ಗಳಿಸಿ, ಇನ್ನು ತನ್ನದೇ ಪ್ರಾಡಕ್ಟನ್ನು ಕಟ್ಟಿ ಮಾರುವ ಕಂಪನಿಗೆ ಸೇರೋಣವೆಂದು ಹೊರಟ ಇಂಜಿನಿಯರನು ಎರಡು ಮೂರು ಇಂಟರ್‌ವ್ಯೂಗಳಲ್ಲಿ ಸೋತು ಬಂದಾಗ, ತನಗೆ ಡೇಟಾ ಸ್ಟ್ರಕ್ಚರುಗಳು ಸಾಲದೆ ಹೋದವೆಂದೇ ಸಾಮಾನ್ಯವಾಗಿ ಭಾವಿಸುತ್ತಾನೆ. ಹಾಗೆ ಭಾವಿಸುವುದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅನೇಕ ವರ್ಷ ಇಂಟರ್‌ವ್ಯೂ ಮೇಜಿನ ಆಚೆಯ ಬದಿಯಲ್ಲಿ ಕುಳಿತು ನಾನು ಕಂಡದ್ದೇನೆಂದರೆ, ಕೋಡಿಂಗ್ ಸುತ್ತನ್ನು ಹೇಗೋ ದಾಟಿ ಬಂದ ಅಭ್ಯರ್ಥಿಗಳಲ್ಲಿ ಬಹುಮಂದಿ ಎಡವುವುದು "ನೀವು ಮಾಡಿದ ಒಂದು ಕೆಲಸವನ್ನು ವಿವರಿಸಿ" ಎಂಬ, ಕೇಳುವುದಕ್ಕೆ ಅತಿ ಸುಲಭವಾದ ಪ್ರಶ್ನೆಯಲ್ಲಿ. ಮಾಡಿದ ಕೆಲಸವು ಅಲ್ಪವಾಗಿತ್ತೆಂದಲ್ಲ. ಅದನ್ನು ಹೇಳುವ ಅಭ್ಯಾಸವು ಬೇರೆಯೊಬ್ಬ ಕೇಳುಗನಿಗಾಗಿ ಬೆಳೆದು ಬಂದಿತ್ತು.

ಆ ಕೇಳುಗನು ಯಾರೆಂಬುದನ್ನು ಮೊದಲು ತಿಳಿಯಬೇಕು. ಸರ್ವಿಸ್ ಕಂಪನಿಯ ವರಮಾನವು ಬಹುಮಟ್ಟಿಗೆ ಅದರ ಇಂಜಿನಿಯರುಗಳ ಸಮಯವನ್ನು ಕ್ಲೈಂಟಿಗೆ ಬಿಲ್ ಮಾಡುವುದರಿಂದ, ಅಥವಾ ಒಪ್ಪಿಕೊಂಡ ಕೆಲಸವನ್ನು ನಿಗದಿಯಾದ ಬೆಲೆಗೆ ಮುಗಿಸಿಕೊಡುವುದರಿಂದ ಬರತಕ್ಕದ್ದು. ಆದುದರಿಂದ ಅಲ್ಲಿನ ನೌಕರನ ರೆಸ್ಯೂಮೆ ಎಂಬುದು ವಾಸ್ತವದಲ್ಲಿ ಕ್ಲೈಂಟಿಗೆ ಕಳುಹಿಸುವ 'ಪ್ರೊಫೈಲ್'. ಬೆಂಚಿನಲ್ಲಿರುವವನನ್ನು ಪ್ರಾಜೆಕ್ಟಿಗೆ ಹಾಕುವ ಮುನ್ನ, ಈತನಿಗೆ ಜಾವಾ ಬರುತ್ತದೆ, ಒರಾಕಲ್ ಬರುತ್ತದೆ, ವಿಮಾ ವ್ಯವಹಾರದ ಪರಿಚಯವಿದೆ ಎಂದು ತೋರಿಸಿ ಒಪ್ಪಿಗೆ ಪಡೆಯುವುದಕ್ಕೆ ಅದು ಸಿದ್ಧವಾಗಿರುತ್ತದೆ. ಪ್ರಾಜೆಕ್ಟಿನ ಹೆಸರು, ಕ್ಲೈಂಟಿನ ವರ್ಣನೆ, ಬಳಸಿದ ತಂತ್ರಜ್ಞಾನಗಳ ಉದ್ದನೆಯ ಸಾಲು, ಅದರ ಕೆಳಗೆ 'ಪ್ರೀಮಿಯಂ ಪೋಸ್ಟಿಂಗ್ ಮಾಡ್ಯೂಲಿನ ಡೆವಲಪ್‌ಮೆಂಟ್, ಟೆಸ್ಟಿಂಗ್ ಹಾಗೂ ಪ್ರೊಡಕ್ಷನ್ ಸಪೋರ್ಟ್ ಕಾರ್ಯಗಳಲ್ಲಿ ಭಾಗಿ' ಎಂಬಂತಹ ಐದಾರು ವಾಕ್ಯಗಳು: ಈ ಆಕಾರವು ಆ ಪ್ರಯೋಜನಕ್ಕೆ ತಕ್ಕದ್ದೇ ಆಗಿದೆ. ಜಾಗ ತುಂಬಬೇಕಾದ ಕ್ಲೈಂಟಿಗೆ ಬೇಕಾದದ್ದು ಯಾವ ಕೆಲಸಕ್ಕೆ ಯಾರು ಒದಗುತ್ತಾರೆಂಬ ಭರವಸೆ. ಪ್ರಾಡಕ್ಟ್ ಕಂಪನಿಯ ಪರೀಕ್ಷಕನಿಗಾದರೋ, ಮುಂದಿನ ಮೂರು ವರ್ಷ ತನ್ನ ಜೊತೆ ಕುಳಿತು, ಯಾರೂ ಬರೆದುಕೊಡದ ಸಮಸ್ಯೆಗಳನ್ನು ತಾನೇ ಗುರುತಿಸಿ, ಇದನ್ನು ಮಾಡೋಣ ಇದು ಬೇಡ ಎಂದು ನಿಷ್ಕರ್ಷಿಸಬಲ್ಲವನೇ ಈತ ಎಂಬುದು ತಿಳಿಯಬೇಕು. 'ಭಾಗಿ' ಎಂಬ ವಾಕ್ಯದಿಂದ ಅದು ತಿಳಿಯುವುದಿಲ್ಲ.

ಈ ಎರಡು ಜಾತಿಯ ಕಂಪನಿಗಳ ನಡುವಿನ ಗೆರೆಯು ಹೆಸರಿನ ಮೇಲೆ ಎಳೆದದ್ದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ಇನ್ಫೋಸಿಸ್‌ನಿಂದ ಬಂದ ಫಿನಾಕಲ್, ಟಿಸಿಎಸ್‌ನ ಬ್ಯಾಂಕ್ಸ್ ಮುಂತಾದವು ಬ್ಯಾಂಕುಗಳಿಗೆ ಮಾರಲ್ಪಡುವ ಪ್ರಾಡಕ್ಟುಗಳೇ. ಪ್ರಾಡಕ್ಟ್ ಎಂದು ಹೆಸರಾದ ಕಂಪನಿಯೊಳಗೂ ದೊಡ್ಡ ಗಿರಾಕಿಯೊಬ್ಬನು ಹೇಳಿದ್ದನ್ನು ಹೇಳಿದಂತೆ ಮಾಡಿಕೊಡುವ ತಂಡಗಳಿರುತ್ತವೆ. ಇಂಟರ್‌ವ್ಯೂ ಕರೆ ಬಂದ ತಂಡವು ಯಾವ ಬಗೆಯದೆಂದು ಅಭ್ಯರ್ಥಿಯೂ ಕೇಳಿ ತಿಳಿಯಬೇಕು.

ಈಗ ಒಂದು ಉದಾಹರಣೆಯನ್ನು ಸಾವಕಾಶವಾಗಿ ನೋಡೋಣ. ನನ್ನ ಪರಿಚಿತರ ಮಗಳೊಬ್ಬಳು, ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ಆರು ವರ್ಷದ ಅನುಭವವುಳ್ಳವಳು, ಪ್ರಾಡಕ್ಟ್ ಕಂಪನಿಯ ಇಂಟರ್‌ವ್ಯೂಗೆ ಮುಂಚೆ ಅಭ್ಯಾಸಕ್ಕೆಂದು ನನ್ನಲ್ಲಿಗೆ ಬಂದಿದ್ದಳು. ಕ್ಲೈಂಟು ಅಮೆರಿಕದ ವಿಮಾ ಸಂಸ್ಥೆ. ಅದರ ಗುರುತು ಸಿಗದಿರಲೆಂದು ಕೆಲವು ಅಂಕಿಗಳನ್ನು ಇಲ್ಲಿ ಬದಲಿಸಿದ್ದೇನೆ. ಅವುಗಳ ಪರಸ್ಪರ ಸಂಬಂಧವನ್ನು ಮಾತ್ರ ಕೆಡಿಸಿಲ್ಲ. ಕೆಲಸದ ವಿಚಾರ ಕೇಳಿದಾಗ ಆಕೆ ಮೊದಲು ಹೇಳಿದ್ದಿಷ್ಟು: "ಸರ್, ನಾವು ಪ್ರೀಮಿಯಂ ಪೋಸ್ಟಿಂಗ್ ಬ್ಯಾಚ್ ಜಾಬಿನ ಪರ್ಫಾರ್ಮೆನ್ಸ್ ಇಂಪ್ರೂವ್ ಮಾಡಿದ್ವಿ. ಕ್ಲೈಂಟ್ ತುಂಬಾ ಮೆಚ್ಚಿಕೊಂಡ್ರು." ಅಷ್ಟಕ್ಕೆ ಮಾತು ನಿಂತಿತು. ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳಿದೆ. ಆರು ಗಂಟೆ. ಎಷ್ಟು ರೆಕಾರ್ಡುಗಳು? ಸುಮಾರು ನಾಲ್ಕು ಲಕ್ಷ. ಹಾಗಾದರೆ ಒಂದು ರೆಕಾರ್ಡಿಗೆ ಎಷ್ಟು ಕಾಲ? ಆಕೆ ಕಾಗದದ ಮೇಲೆ ಭಾಗಿಸಿ ನೋಡಿದಳು. ಆರು ಗಂಟೆಯೆಂದರೆ 21,600 ಸೆಕೆಂಡು. ನಾಲ್ಕು ಲಕ್ಷದಿಂದ ಭಾಗಿಸಿದರೆ ರೆಕಾರ್ಡೊಂದಕ್ಕೆ 54 ಮಿಲಿಸೆಕೆಂಡು.

ಆ ಐವತ್ತನಾಲ್ಕು ಮಿಲಿಸೆಕೆಂಡಿನೊಳಗೆ ಆಕೆಯ ಕಥೆಯೆಲ್ಲ ಅಡಗಿತ್ತು. ಬ್ಯಾಂಕಿನಿಂದ ಪ್ರತಿರಾತ್ರಿ ಒಂದು ಫೈಲು ಬರುತ್ತದೆ. ಅದರ ಒಂದೊಂದು ಸಾಲೂ ಒಬ್ಬ ಪಾಲಿಸಿದಾರನು ಕಟ್ಟಿದ ಪ್ರೀಮಿಯಂ. ಪ್ರೋಗ್ರಾಮು ಸಾಲನ್ನು ಓದಿ, ಪಾಲಿಸಿಯನ್ನು ಡೇಟಾಬೇಸಿನಿಂದ ತರಿಸಿಕೊಂಡು, ಹಣವನ್ನು ಅದರ ಲೆಕ್ಕಕ್ಕೆ ಬರೆದು, ಕಮಿಟ್ ಮಾಡಿ, ಮುಂದಿನ ಸಾಲಿಗೆ ಹೋಗುತ್ತದೆ. ಎಂದರೆ ರೆಕಾರ್ಡಿಗೆ ಮೂರು ಸಲ ಡೇಟಾಬೇಸಿನವರೆಗೆ ಹೋಗಿ ಬರಬೇಕು. ಅಮೆರಿಕದಲ್ಲಿ ಮಧ್ಯರಾತ್ರಿ ಆರಂಭವಾದ ಜಾಬು ಬೆಳಗ್ಗೆ ಆರಕ್ಕೆ ಮುಗಿಯುತ್ತಿತ್ತು. ಏಳು ಗಂಟೆಗೆ ಕಾಲ್ ಸೆಂಟರ್ ತೆರೆಯುತ್ತಿತ್ತು. ತಿಂಗಳ ಕೊನೆಯಲ್ಲಿ ಫೈಲು ದಪ್ಪವಾದಾಗ ಜಾಬು ಏಳನ್ನೂ ಮೀರುತ್ತಿತ್ತು, ಆಗ ಹಣ ಕಟ್ಟಿಯೂ ಬಾಕಿಯೆಂದು ಕಾಣುವ ಪಾಲಿಸಿದಾರರ ಫೋನುಗಳು ಬರುತ್ತಿದ್ದವು. ನಮ್ಮ ಗಡಿಯಾರದಲ್ಲಿ ಇದೆಲ್ಲ ಹಗಲಿನಲ್ಲಿಯೇ ನಡೆಯುತ್ತಿದ್ದುದರಿಂದ, ಬೆಂಗಳೂರಿನ ತಂಡವು ಊಟದ ಹೊತ್ತಿನುದ್ದಕ್ಕೂ ಆ ಜಾಬನ್ನೇ ನೋಡುತ್ತ ಕುಳಿತಿರುತ್ತಿತ್ತು.

ಎಲ್ಲರೂ ಅನುಮಾನಿಸಿದ್ದು ಇಂಡೆಕ್ಸನ್ನು. ಆದರೆ ಡೇಟಾಬೇಸನ್ನು ನೋಡಿಕೊಳ್ಳುವವರು, ತಮ್ಮ ಬದಿಯಲ್ಲಿ ಒಂದೊಂದು ಕ್ವೆರಿಯೂ ಎರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದೆಯೆಂದು ತೋರಿಸಿಕೊಟ್ಟಿದ್ದರು. ಪ್ರೋಗ್ರಾಮಿನ ಲಾಗು ಅದೇ ಕ್ವೆರಿಗೆ ಹದಿನೇಳೆಂದು ಹೇಳುತ್ತಿತ್ತು. ಎರಡು ತಂಡಗಳೂ ತಮ್ಮ ತಮ್ಮ ಅಂಕಿಯನ್ನು ಹಿಡಿದು ವಾದಿಸುತ್ತಿದ್ದಾಗ, ಇವೆರಡೂ ಏಕಕಾಲದಲ್ಲಿ ಸತ್ಯವಾಗಿರುವುದು ಹೇಗೆಂದು ಯೋಚಿಸಿದವಳು ಈಕೆ. ಯಾವ ಕೆಲಸವನ್ನೂ ಮಾಡದ `SELECT 1` ಎಂಬ ಕ್ವೆರಿಯನ್ನು ಪ್ರೋಗ್ರಾಮು ಓಡುವ ಸರ್ವರಿನಿಂದಲೇ ನೂರು ಸಲ ಓಡಿಸಿ ಅಳೆದಳು: ಸರಾಸರಿ 15 ಮಿಲಿಸೆಕೆಂಡು. ಅದು ಕೇವಲ ಹೋಗಿಬರುವ ದಾರಿಯ ಬಾಬತ್ತು. ವಿಚಾರಿಸಲಾಗಿ, ಡೇಟಾಬೇಸು ಹಿಂದೊಮ್ಮೆ ಬೇರೆ ರಾಜ್ಯದ ಡೇಟಾ ಸೆಂಟರಿಗೆ ಸ್ಥಳಾಂತರವಾಗಿದ್ದು, ಪ್ರೋಗ್ರಾಮು ಮಾತ್ರ ಹಳೆಯ ಸ್ಥಳದಲ್ಲಿಯೇ ಉಳಿದಿತ್ತೆಂದು ತಿಳಿದುಬಂದಿತು. ಮೂರು ಪ್ರಯಾಣಕ್ಕೆ 45 ಮಿಲಿಸೆಕೆಂಡು ಹೋದರೆ, ನಿಜವಾದ ಕೆಲಸಕ್ಕೆ ಉಳಿದದ್ದು 9 ಮಾತ್ರ.

ಇಷ್ಟನ್ನು ಹೇಳಿ ಮುಗಿಸಿದ ಮೇಲೆ ಆಕೆ, "ಇದನ್ನೆಲ್ಲ ಇಂಟರ್‌ವ್ಯೂನಲ್ಲಿ ಹೇಳಬಹುದಾ ಸರ್? ಇದು ಟಿಕೆಟ್‌ನಲ್ಲಿದ್ದ ಸಣ್ಣ ವಿಷಯ ಅಲ್ವಾ?" ಎಂದು ಕೇಳಿದಳು. ಹೇಳಬೇಕಾದದ್ದೇ ಅದು. ಆರು ವರ್ಷದ ಪ್ರಾಜೆಕ್ಟುಗಳ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಆ ಅಳತೆಯಲ್ಲಿ, ಒಂದು ಗೊಂದಲವನ್ನು ಪ್ರಯೋಗದಿಂದ ಬಿಡಿಸಿದ ಬುದ್ಧಿಯು ಕಾಣುತ್ತದೆ. ಪರೀಕ್ಷಕನು ಹುಡುಕುತ್ತಿರುವುದೂ ಅದನ್ನೇ.

ಪರಿಹಾರದ ಭಾಗಕ್ಕೆ ಬಂದಾಗ ಇನ್ನೊಂದು ಸ್ವಭಾವವು ಅಡ್ಡಬರುತ್ತದೆ. ಸರ್ವಿಸ್ ಕಂಪನಿಯಲ್ಲಿ ಒಪ್ಪಿಗೆಯಾದ ಡಿಸೈನಿಗೆ ಮಾತ್ರ ದಾಖಲೆಯುಂಟು, ಬಿಟ್ಟುಕೊಟ್ಟ ಮಾರ್ಗಗಳಿಗೆ ಸಾಧಾರಣವಾಗಿ ಇಲ್ಲ. ಆದುದರಿಂದ ಹೇಳುವವರೂ ಮಾಡಿದ್ದನ್ನಷ್ಟೇ ಹೇಳುತ್ತಾರೆ. ಆದರೆ ಮಾಡಿದ್ದರ ಬೆಲೆಯು ತಿಳಿಯುವುದು ಮಾಡದೆ ಬಿಟ್ಟದ್ದರ ಪಕ್ಕದಲ್ಲಿಟ್ಟಾಗ. ಇಲ್ಲಿ ಮೂರು ದಾರಿಗಳಿದ್ದವು. ಪ್ರೋಗ್ರಾಮನ್ನೇ ಡೇಟಾಬೇಸಿನ ಪಕ್ಕಕ್ಕೆ ಸಾಗಿಸುವುದು ಎಲ್ಲಕ್ಕಿಂತ ಉತ್ತಮ, ಆದರೆ ಸರ್ವರುಗಳು ಕ್ಲೈಂಟಿನ ಬೇರೆ ವಿಭಾಗದವು, ಅದಕ್ಕೆ ಬಜೆಟ್ಟಿನ ಒಪ್ಪಿಗೆ ಬೇಕು, ಆ ವರ್ಷ ಅದು ಸಾಧ್ಯವಿರಲಿಲ್ಲ. ಫೈಲನ್ನು ಆರು ಭಾಗ ಮಾಡಿ ಏಕಕಾಲದಲ್ಲಿ ಓಡಿಸಬಹುದಿತ್ತು. ಆದರೆ ಒಂದೇ ಪಾಲಿಸಿಗೆ ಸೇರಿದ ಎರಡು ಸಾಲುಗಳು ಬೇರೆ ಬೇರೆ ಭಾಗಕ್ಕೆ ಬಿದ್ದರೆ ಹಿಂದುಮುಂದಾಗಿ ಪೋಸ್ಟ್ ಆಗುವ ಭಯವಿತ್ತು. ಮೂರನೆಯದು, ಸಾವಿರ ಸಾವಿರ ಸಾಲುಗಳ ಕಟ್ಟು ಕಟ್ಟಿ, ಒಂದೇ ಪ್ರಯಾಣದಲ್ಲಿ ಸಾವಿರ ಪಾಲಿಸಿಗಳನ್ನು ತಂದು, ಒಂದೇ ಪ್ರಯಾಣದಲ್ಲಿ ಸಾವಿರವನ್ನೂ ಬರೆಯುವುದು. ನಾಲ್ಕು ಲಕ್ಷಕ್ಕೆ ನಾನೂರು ಕಟ್ಟು. ಕಟ್ಟಿಗೆ ಮೂರು ಪ್ರಯಾಣದಂತೆ ದಾರಿಯ ಒಟ್ಟು ಖರ್ಚು 18 ಸೆಕೆಂಡು. ಉಳಿದ 9 ಮಿಲಿಸೆಕೆಂಡಿನ ಕೆಲಸವು ನಾಲ್ಕು ಲಕ್ಷಕ್ಕೆ ಒಂದು ಗಂಟೆ. ಬದಲಾವಣೆಯ ತರುವಾಯ ಗಡಿಯಾರವು ತೋರಿಸಿದ್ದು ಒಂದು ಗಂಟೆ ಹತ್ತು ನಿಮಿಷ.

"ಆ ಹತ್ತು ನಿಮಿಷ ಎಲ್ಲಿಂದ ಬಂತು?" ಎಂದು ನಾನು ಕೇಳಿದೆ. ನಿಜವಾದ ಪರೀಕ್ಷಕನೂ ಹೀಗೆಯೇ ಕೇಳುತ್ತಾನೆ. ಲೆಕ್ಕಕ್ಕೂ ಅಳತೆಗೂ ನಡುವೆ ಉಳಿದ ವ್ಯತ್ಯಾಸದ ಮೇಲೆ ಬೆರಳಿಟ್ಟರೆ, ಕೆಲಸವನ್ನು ಕೈಯಾರೆ ಮಾಡಿದವರಾರು, ಪಕ್ಕದಲ್ಲಿ ಕುಳಿತು ನೋಡಿದವರಾರು ಎಂಬುದು ಹೊರಬೀಳುತ್ತದೆ. ಆಕೆಗೆ ಉತ್ತರವು ಗೊತ್ತಿತ್ತು. ಫೈಲಿನಲ್ಲಿ ಪ್ರತಿರಾತ್ರಿ ಹತ್ತು ಹನ್ನೊಂದು ಕೆಟ್ಟ ಸಾಲುಗಳು, ರದ್ದಾದ ಪಾಲಿಸಿಯವೋ ತಪ್ಪು ಸಂಖ್ಯೆಯವೋ, ಇರುತ್ತಿದ್ದವು. ಸಾವಿರದ ಕಟ್ಟಿನಲ್ಲಿ ಒಂದು ಸಾಲು ಕೆಟ್ಟರೂ ಕಟ್ಟಿಗೆ ಕಟ್ಟೇ ತಿರಸ್ಕೃತವಾಗುತ್ತದೆ. ಆಗ ಆ ಕಟ್ಟನ್ನು ಬಿಚ್ಚಿ ಹಳೆಯ ಪದ್ಧತಿಯಂತೆ ಒಂದೊಂದಾಗಿ ಓಡಿಸಬೇಕು. ಹನ್ನೊಂದು ಕಟ್ಟು, ಹನ್ನೊಂದು ಸಾವಿರ ಸಾಲು, ಸಾಲಿಗೆ 54 ಮಿಲಿಸೆಕೆಂಡು: ಸುಮಾರು 594 ಸೆಕೆಂಡು, ಹತ್ತು ನಿಮಿಷ.

"ಹಾಗಾದರೆ ಸಾವಿರವೇ ಏಕೆ? ನೂರರ ಕಟ್ಟು ಕಟ್ಟಿದ್ದರೆ?"

ಇದನ್ನು ಆಕೆ ಯೋಚಿಸಿರಲಿಲ್ಲ. ಸ್ವಲ್ಪ ಹೊತ್ತು ಪೆನ್ನನ್ನು ಹಿಡಿದು ಸುಮ್ಮನಿದ್ದು, ಬರೆಯುತ್ತ ಗಟ್ಟಿಯಾಗಿ ಲೆಕ್ಕ ಹಾಕಿದಳು. ನೂರರ ಕಟ್ಟಾದರೆ ನಾಲ್ಕು ಸಾವಿರ ಕಟ್ಟುಗಳು. ಪ್ರಯಾಣದ ಖರ್ಚು 18 ಸೆಕೆಂಡಿನಿಂದ 180ಕ್ಕೆ, ಎಂದರೆ ಮೂರು ನಿಮಿಷಕ್ಕೆ, ಏರುತ್ತದೆ. ಆದರೆ ಕೆಟ್ಟ ಕಟ್ಟುಗಳು ಹನ್ನೊಂದೇ ಇದ್ದು, ಒಂದೊಂದರಲ್ಲಿ ನೂರೇ ಸಾಲುಗಳಿರುವುದರಿಂದ, ಬಿಚ್ಚಿ ಓಡಿಸುವ ಖರ್ಚು ಹತ್ತು ನಿಮಿಷದಿಂದ ಒಂದೇ ನಿಮಿಷಕ್ಕೆ ಇಳಿಯುತ್ತದೆ. ಕೂಡಿಸಿದರೆ ಹತ್ತಕ್ಕೆ ಬದಲು ನಾಲ್ಕು ನಿಮಿಷ. "ಹಾಗಾದ್ರೆ ನೂರೇ ಚೆನ್ನಾಗಿತ್ತು ಸರ್. ಸಾವಿರ ಅಂತ ಯಾಕೆ ಇಟ್ವಿ ಅಂದ್ರೆ, ಅದು ಕಾನ್ಫಿಗ್ ಫೈಲಿನಲ್ಲಿ ಮೊದಲೇ ಇದ್ದ ಸಂಖ್ಯೆ, ಅದನ್ನ ಯಾರೂ ಪ್ರಶ್ನೆ ಮಾಡಲಿಲ್ಲ" ಎಂದಳು. ನಾನು ಪರೀಕ್ಷಕನಾಗಿದ್ದು ಇಂತಹ ಉತ್ತರವನ್ನು ಕೇಳಿದ್ದರೆ, ನನ್ನ ವರದಿಯ ಮೊದಲ ಸಾಲಿನಲ್ಲಿಯೇ ಅದನ್ನು ಬರೆಯುತ್ತಿದ್ದೆ. ತನ್ನ ಕೆಲಸದ ಊನವನ್ನು ತನ್ನದೇ ಅಂಕಿಗಳಿಂದ ಎಲ್ಲರೆದುರು ಕಂಡುಹಿಡಿಯುವವರು ನಾಳೆ ತಂಡದ ಕೋಡನ್ನೂ ಹಾಗೆಯೇ ನೋಡುತ್ತಾರೆ. ಇದಕ್ಕೆ ವಿರುದ್ಧವಾಗಿ 'ಸಾವಿರವು ಇಂಡಸ್ಟ್ರಿ ಸ್ಟ್ಯಾಂಡರ್ಡ್' ಎಂದು ಸಮರ್ಥಿಸಲು ಹೊರಡುವವರೂ ಉಂಟು. ಅಂತಹ ಉತ್ತರದಿಂದ ಮೊದಲು ಹೇಳಿದ ಒಳ್ಳೆಯ ಕಥೆಯ ಮೇಲೂ ಸಂಶಯ ಬೀಳುತ್ತದೆ.

ಬಲ್ಲ ಪರೀಕ್ಷಕನು ಅಲ್ಲಿಗೂ ಬಿಡಲಾರ. ಅರ್ಧದಲ್ಲಿ ಜಾಬು ಬಿದ್ದುಹೋದರೆ ಏನಾಗುತ್ತಿತ್ತು ಎಂದು ಕೇಳುತ್ತಾನೆ. ಮೊದಲಿನ ಪದ್ಧತಿಯಲ್ಲಿ ಆಪರೇಟರನೊಬ್ಬನು ಲಾಗನ್ನು ನೋಡಿ, ಮುಗಿದ ಸಾಲುಗಳನ್ನು ಫೈಲಿನಿಂದ ಕೈಯಿಂದಲೇ ಅಳಿಸಿ, ಮತ್ತೆ ಓಡಿಸುತ್ತಿದ್ದನಂತೆ. ಒಂದು ಸಾಲು ಅಳಿಸಲು ಮರೆತರೆ ಪಾಲಿಸಿದಾರನ ಲೆಕ್ಕಕ್ಕೆ ಎರಡು ಸಲ ಹಣ. ಈಕೆ ಫೈಲಿನ ಸಂಖ್ಯೆ ಮತ್ತು ಸಾಲಿನ ಸಂಖ್ಯೆ ಇವೆರಡೂ ಸೇರಿದ ಜೋಡಿಯು ಟೇಬಲಿನಲ್ಲಿ ಒಮ್ಮೆ ಮಾತ್ರ ಇರತಕ್ಕದ್ದೆಂಬ ನಿಯಮವನ್ನು ಡೇಟಾಬೇಸಿನಲ್ಲಿಯೇ ಹಾಕಿಸಿ, ಹಾಗೆ ಮೊದಲೇ ಪೋಸ್ಟ್ ಆದ ಸಾಲು ಮತ್ತೆ ಬಂದರೆ ದಾಟಿ ಮುಂದೆ ಹೋಗುವಂತೆ ಮಾಡಿದ್ದಳು. ಅದರಿಂದ ಇಡೀ ಫೈಲನ್ನು ನಿರ್ಭಯವಾಗಿ ಮರಳಿ ಓಡಿಸಬಹುದಾಯಿತು. ಇದಕ್ಕೂ ಒಂದು ಮಿತಿಯಿದೆ: ಬ್ಯಾಂಕೇ ಅದೇ ಹಣವನ್ನು ಬೇರೊಂದು ಫೈಲಿನಲ್ಲಿ ಮತ್ತೆ ಕಳುಹಿಸಿದರೆ ಈ ನಿಯಮವು ಹಿಡಿಯಲಾರದು, ಬ್ಯಾಂಕು ಕೊಡುವ ವ್ಯವಹಾರ ಸಂಖ್ಯೆಯನ್ನೇ ಆಧಾರ ಮಾಡಬೇಕಾಗುತ್ತದೆ. ಕೇಳುವ ಮುನ್ನವೇ ಅದನ್ನು ಹೇಳಿಬಿಡುವುದು ಲೇಸು.

ಇನ್ನು 'ನಾವು ಮಾಡಿದೆವು' ಎಂಬ ವಿಷಯ. ನಮ್ಮಲ್ಲಿ ಒಬ್ಬನೇ ಮಾಡಿದ್ದನ್ನೂ ನಾವು ಎಂದು ಹೇಳುವುದೇ ಸೌಜನ್ಯ, ಅದನ್ನು ನಾನು ದೂಷಿಸಲಾರೆ. ಆದರೆ ಎಂಟು ಜನರ ತಂಡದಲ್ಲಿ ನಿಮ್ಮ ಪಾಲು ಯಾವುದೆಂದು ಪರೀಕ್ಷಕನು ಊಹಿಸಿಕೊಳ್ಳಬೇಕಾಗಿ ಬಂದರೆ ಆತನು ಕಡಿಮೆಯನ್ನೇ ಊಹಿಸುತ್ತಾನೆ. ಹಾಗೆಂದು ಎಲ್ಲವನ್ನೂ ನಾನೇ ಮಾಡಿದೆನೆನ್ನುವುದು ಸುಳ್ಳು, ಮತ್ತು ಬೇಗನೆ ಸಿಕ್ಕಿಬೀಳುವ ಸುಳ್ಳು. ಆಕೆಯ ವಿಷಯದಲ್ಲಿ ಅಳತೆ ಆಕೆಯದು, ಕಟ್ಟುಗಳ ಕೋಡು ಆಕೆಯದು. ಎರಡು ಸಲ ಪೋಸ್ಟ್ ಆಗುವ ಅಪಾಯವನ್ನು ಮೊದಲು ಎತ್ತಿ ತೋರಿಸಿದವನು ಟೆಸ್ಟಿಂಗ್ ಮಾಡುತ್ತಿದ್ದ ಸಹೋದ್ಯೋಗಿ. ಡೇಟಾಬೇಸಿನ ನಿಯಮಕ್ಕೆ ಒಪ್ಪಿಗೆ ತಂದವರು ಕ್ಲೈಂಟಿನ ಆರ್ಕಿಟೆಕ್ಟ್. ಇಷ್ಟನ್ನೂ ಹೀಗೆಯೇ ಹಂಚಿ ಹೇಳಿದಾಗ ಆಕೆಯ ಪಾಲು ಸಣ್ಣದಾಗಲಿಲ್ಲ, ಸ್ಪಷ್ಟವಾಯಿತು. ಹಿಂದಿನ ನೌಕರಿಯ ದಾಖಲೆಯನ್ನು ಪರಿಶೀಲಿಸುವ ಸಂಸ್ಥೆಗಳು ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಇವನ್ನು ನೋಡಬಲ್ಲವು. ಯಾರು ಏನು ಮಾಡಿದರೆಂಬುದನ್ನು ಪರೀಕ್ಷಿಸಲು ಈ ಪ್ರಶ್ನೋತ್ತರವೊಂದೇ ಸಾಧನ, ಆದ್ದರಿಂದಲೇ ಅದು ಇಷ್ಟು ಆಳಕ್ಕೆ ಇಳಿಯುತ್ತದೆ.

ಕೊನೆಗೆ ಆಕೆಯ ಕಥನವು ಮೂರು ನಾಲ್ಕು ನಿಮಿಷಕ್ಕೆ ಇಳಿಯಿತು. ರೆಸ್ಯೂಮೆಯಲ್ಲಿ 'ಭಾಗಿ' ಎಂದಿದ್ದ ಸಾಲಿನ ಜಾಗದಲ್ಲಿ ಹೀಗೆ ಬಂದಿತು: 'ರಾತ್ರಿ ಓಡುವ ಪ್ರೀಮಿಯಂ ಪೋಸ್ಟಿಂಗ್ ಜಾಬಿನ ವಿಳಂಬಕ್ಕೆ ಡೇಟಾಬೇಸಿನ ದೂರವೇ ಕಾರಣವೆಂದು ಅಳೆದು ತೋರಿಸಿ, ರೆಕಾರ್ಡುಗಳನ್ನು ಕಟ್ಟುಗಳಾಗಿ ಕಳುಹಿಸುವಂತೆ ಬದಲಿಸಿ, 6 ಗಂಟೆಯ ಜಾಬನ್ನು 70 ನಿಮಿಷಕ್ಕೆ ಇಳಿಸಿದೆ, ಅರ್ಧಕ್ಕೆ ನಿಂತರೆ ಮರಳಿ ಓಡಿಸಲು ಸಾಧ್ಯವಾಗುವಂತೆ ಮಾಡಿದೆ.' ಇಂತಹವು ಮೂರು ಇದ್ದರೆ ಸಾಕು. ಹದಿನೈದು ಪ್ರಾಜೆಕ್ಟುಗಳ ನಾಲ್ಕು ಪುಟದ ರೆಸ್ಯೂಮೆಯು ಎರಡು ಪುಟಕ್ಕೆ ಇಳಿದುದಕ್ಕೆ ಆಕೆಗೆ ಬಹಳ ಸಂಕಟವಾಯಿತು, ಆದರೂ ಇಳಿಸಿದಳು.

ಇಂತಹ ಸಾಮಗ್ರಿಯನ್ನು ನೆನಪಿನಿಂದಲೇ ತೆಗೆಯುವುದು ಕಷ್ಟ. ಮುಚ್ಚಿದ ಟಿಕೆಟುಗಳು, ಪ್ರೊಡಕ್ಷನ್ ತೊಂದರೆಯ ಮೇಲೆ ಬರೆದ ಕಾರಣವರದಿಗಳು, ಚೇಂಜ್ ರಿಕ್ವೆಸ್ಟುಗಳು, ವಾರ್ಷಿಕ ಅಪ್ರೈಸಲಿಗೆ ತಾನೇ ಬರೆದುಕೊಟ್ಟ ಟಿಪ್ಪಣಿಗಳು, ಇವನ್ನು ಕೆಲಸದಲ್ಲಿರುವಾಗಲೇ ಕುಳಿತು ಓದಬೇಕು. ಓದಿ, ತನ್ನ ಮಾತಿನಲ್ಲಿ ನೆನಪಿಗಷ್ಟೇ ತಂದುಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆಯು ಅತ್ಯವಶ್ಯ. ಆ ಕಾಗದಗಳು, ಆ ಕೋಡು, ಆ ಡಯಾಗ್ರಾಮುಗಳು ಕ್ಲೈಂಟಿನವು; ಅವುಗಳ ಒಂದು ಪ್ರತಿಯೂ ಸ್ವಂತ ಇಮೇಲಿಗಾಗಲಿ ಗಿಟ್‌ಹಬ್‌ಗಾಗಲಿ ಹೋಗತಕ್ಕದ್ದಲ್ಲ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಿರುವವರು ಇಂಟರ್‌ವ್ಯೂನಲ್ಲಿ ಕ್ಲೈಂಟಿನ ಹೆಸರಿಗೆ ಬದಲಾಗಿ 'ಅಮೆರಿಕದ ಮಧ್ಯಮ ಗಾತ್ರದ ವಿಮಾ ಕಂಪನಿ' ಎನ್ನಬಹುದು; ಗಿರಾಕಿಗಳ ನಿಖರ ಸಂಖ್ಯೆಗೆ ಬದಲು 'ಕೆಲವು ಲಕ್ಷ' ಎನ್ನಬಹುದು; ಸಮಯವು ಐದನೇ ಒಂದು ಭಾಗಕ್ಕೆ ಇಳಿಯಿತೆಂದು ಅನುಪಾತದಲ್ಲಿ ಹೇಳಬಹುದು. ಇದರಿಂದ ಕಥೆಗೆ ಏನೂ ನಷ್ಟವಾಗುವುದಿಲ್ಲ. ಹೆಸರನ್ನು ಬಿಡಿಸಿ ಹೇಳೆಂದು ಪರೀಕ್ಷಕನು ಒತ್ತಾಯಿಸಿದರೆ ವಿನಯದಿಂದ ನಿರಾಕರಿಸಬೇಕು. ನಾಳೆ ತನ್ನ ಕಂಪನಿಯ ಗುಟ್ಟನ್ನೂ ಈತ ಹೀಗೆಯೇ ಕಾಪಾಡುತ್ತಾನೆಂದು ಆತನೇ ಗಮನಿಸಿಕೊಳ್ಳುತ್ತಾನೆ.

ಕೋಡಿಂಗ್ ಸುತ್ತಿನ ಸಿದ್ಧತೆಯನ್ನು ಕುರಿತು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅದರ ಮೇಲೆ ಪುಸ್ತಕಗಳೂ ಪಾಠಗಳೂ ಬೇಕಾದಷ್ಟಿವೆ. ಸರ್ವಿಸ್ ಕಂಪನಿಯ ಇಂಜಿನಿಯರನಿಗೆ ಅಲ್ಲಿ ಹೊಸದಾಗಿ ಕಾಣುವುದು ಪ್ರಶ್ನೆಗಳ ಕಾಠಿಣ್ಯಕ್ಕಿಂತ ಹೆಚ್ಚಾಗಿ ಪರಿಸರ: ಮುಕ್ಕಾಲು ಗಂಟೆ ಅವಧಿ, ಖಾಲಿ ಎಡಿಟರ್, ಫ್ರೇಮ್‌ವರ್ಕಿನ ಆಸರೆಯಿಲ್ಲ, ಬರೆಯುತ್ತಿರುವಾಗಲೇ ಯೋಚನೆಯನ್ನು ಗಟ್ಟಿಯಾಗಿ ಹೇಳಬೇಕು. ಹಳೆಯ ಕೋಡನ್ನು ಓದಿ ಎರಡು ಸಾಲು ತಿದ್ದುವುದರಲ್ಲಿ ನಿಷ್ಣಾತನಾದವನೂ ಶೂನ್ಯದಿಂದ ಬರೆಯುವಾಗ ತಡವರಿಸುತ್ತಾನೆ. ಆದುದರಿಂದ ಮುನ್ನೂರು ಪ್ರಶ್ನೆಗಳ ಉತ್ತರಗಳನ್ನು ಓದುವುದಕ್ಕಿಂತ, ಅರೇ, ಹ್ಯಾಶ್‌ಮ್ಯಾಪ್, ಟ್ರೀ, ಗ್ರಾಫ್ ಇವುಗಳ ಮೇಲೆ ನೂರರಷ್ಟನ್ನು ಗಡಿಯಾರವಿಟ್ಟು ತಾನೇ ಬರೆಯುವುದು ಹೆಚ್ಚು ಫಲಕಾರಿಯೆಂದು ನನ್ನ ಅಭಿಪ್ರಾಯ. ಭಾರತದ ಹಲವು ಪ್ರಾಡಕ್ಟ್ ಕಂಪನಿಗಳಲ್ಲಿ 'ಮಷೀನ್ ಕೋಡಿಂಗ್' ಎಂಬ ಇನ್ನೊಂದು ಸುತ್ತುಂಟು. ಒಂದೂವರೆ ಗಂಟೆಯಲ್ಲಿ, ಪಾರ್ಕಿಂಗ್ ಸ್ಥಳದ ವ್ಯವಸ್ಥೆಯೋ ಖರ್ಚು ಹಂಚಿಕೊಳ್ಳುವ ಲೆಕ್ಕವೋ ಇಂತಹ ಪುಟ್ಟ ಪ್ರೋಗ್ರಾಮನ್ನು ಓಡುವಂತೆ ಬರೆದುಕೊಡಬೇಕು. ಶುದ್ಧವಾಗಿ ಕ್ಲಾಸುಗಳನ್ನು ವಿಂಗಡಿಸಿ ಬರೆಯುವ ಅಭ್ಯಾಸವಿರುವ ಸರ್ವಿಸ್ ಇಂಜಿನಿಯರನಿಗೆ ಇದು ಅನುಕೂಲವಾದ ಸುತ್ತು, ಮೊದಲ ನಲವತ್ತು ನಿಮಿಷವನ್ನು ಡಿಸೈನಿನಲ್ಲಿಯೇ ಕಳೆದು ಓಡದ ಪ್ರೋಗ್ರಾಮನ್ನು ಕೊಡದಿದ್ದರೆ.

ಸಿಸ್ಟಮ್ ಡಿಸೈನ್ ಸುತ್ತಿನ ಸಿದ್ಧತೆಯಲ್ಲಿ ಮಾತ್ರ ಮಂದಿ ತಪ್ಪು ಹಾದಿ ಹಿಡಿಯುತ್ತಾರೆ. ಲಿಂಕನ್ನು ಚಿಕ್ಕದು ಮಾಡುವ ಸೇವೆ, ಚಾಟ್ ಆಪ್ ಮುಂತಾದವುಗಳ ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿ ಬರುತ್ತಾರೆ, ಕ್ಯಾಶ್, ಕ್ಯೂ, ಶಾರ್ಡಿಂಗ್ ಎಂದು ಒಪ್ಪಿಸುತ್ತಾರೆ. ದಿನಕ್ಕೆ ಎಷ್ಟು ಬೇಡಿಕೆಗಳು ಬಂದರೆ ಸೆಕೆಂಡಿಗೆ ಎಷ್ಟಾಯಿತೆಂದು ಕೇಳಿದೊಡನೆ ನಿಂತುಬಿಡುತ್ತಾರೆ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ, ದಿನದ ಹತ್ತು ಲಕ್ಷ ಬೇಡಿಕೆಯೆಂಬುದು ಸರಾಸರಿ ಸೆಕೆಂಡಿಗೆ ಹನ್ನೆರಡಕ್ಕಿಂತ ಕಡಿಮೆ. ಸಂದಣಿಯ ಹೊತ್ತಿನಲ್ಲಿ ಅದರ ಹತ್ತರಷ್ಟಾದರೂ ಅಷ್ಟಕ್ಕೆ ಹತ್ತು ಶಾರ್ಡುಗಳು ಬೇಕಾಗಿಲ್ಲ. ತಾನು ವರ್ಷಗಟ್ಟಲೆ ಕಾಪಾಡಿದ ವ್ಯವಸ್ಥೆಯನ್ನೇ ತೆಗೆದುಕೊಂಡು, ಅದು ಹೀಗೇಕೆ ಕಟ್ಟಲ್ಪಟ್ಟಿದೆ, ನಾಲ್ಕು ಲಕ್ಷದ ಜಾಗದಲ್ಲಿ ನಾಲ್ಕು ಕೋಟಿ ಸಾಲುಗಳು ಬಂದರೆ ಮೊದಲು ಯಾವುದು ಮುರಿಯುತ್ತದೆ ಎಂದು ಬರೆದು ನೋಡುವುದು ಇದಕ್ಕಿಂತ ಒಳ್ಳೆಯ ಸಿದ್ಧತೆ. ಆಕೆಯ ಜಾಬಿನಲ್ಲಿಯಾದರೆ ಒಂದು ಗಂಟೆಯ ಕೆಲಸ ನೂರು ಗಂಟೆಯಾಗುತ್ತದೆ, ರಾತ್ರಿ ಮುಗಿಯುವುದಿಲ್ಲ. ಆಗ ಬಿಟ್ಟುಕೊಟ್ಟ ಎರಡನೆಯ ದಾರಿಗೇ ಮರಳಬೇಕು, ಒಂದು ಪಾಲಿಸಿಯ ಸಾಲುಗಳೆಲ್ಲ ಒಂದೇ ಭಾಗಕ್ಕೆ ಬೀಳುವಂತೆ ಪಾಲಿಸಿ ಸಂಖ್ಯೆಯಿಂದಲೇ ಭಾಗಮಾಡಬೇಕು, ಹಾಗೆ ಮಾಡಿದ ಮೇಲೂ ಡೇಟಾಬೇಸು ಅಷ್ಟನ್ನು ಹೊರಬಲ್ಲದೇ ಎಂದು ಅಳೆಯಬೇಕು. ಇದೇ ಸಿಸ್ಟಮ್ ಡಿಸೈನ್.

ಎಲ್ಲರಲ್ಲಿಯೂ ಇಂತಹ ಕಥೆಯು ಇರುತ್ತದೆಂದು ನಾನು ಹೇಳಲಾರೆ. ಐದು ವರ್ಷವೂ ಒಂದೇ ಪರದೆಯ ಬಣ್ಣ ಬದಲಿಸುವ ಟಿಕೆಟುಗಳಲ್ಲಿ, ಅಥವಾ ಬರೆದಿಟ್ಟ ಪಟ್ಟಿಯನ್ನು ನೋಡಿ ಪಾಸ್‌ವರ್ಡ್ ಬದಲಿಸಿಕೊಡುವ ಸಪೋರ್ಟಿನಲ್ಲಿ ಕಳೆದವರಿಗೆ, ಅಗೆದು ತೆಗೆಯಲು ಬಹಳವೇನೂ ಸಿಗಲಾರದು. ಆಗ ಸುಂದರವಾದ ವಾಕ್ಯಗಳಿಂದ ಅದನ್ನು ಮುಚ್ಚುವುದು ವ್ಯರ್ಥ. ಅವರಿಗೆ ತೆರೆದಿರುವ ದಾರಿಯೆಂದರೆ ಬಿಡುವ ಮುನ್ನ ಇರುವಲ್ಲಿಯೇ ಆರು ತಿಂಗಳನ್ನು ಬೇರೆ ರೀತಿಯಲ್ಲಿ ಕಳೆಯುವುದು: ಯಾರಿಗೂ ಬೇಡವಾದ ಪ್ರೊಡಕ್ಷನ್ ತೊಂದರೆಯೊಂದನ್ನು ಕೇಳಿ ವಹಿಸಿಕೊಳ್ಳುವುದು, ಪ್ರತಿವಾರ ಮರಳಿ ಬರುವ ಟಿಕೆಟಿನ ಮೂಲ ಕಾರಣವನ್ನು ಹುಡುಕುವುದು, ಕೈಯಿಂದ ಮಾಡುತ್ತಿರುವ ಕೆಲಸವೊಂದಕ್ಕೆ ಸ್ಕ್ರಿಪ್ಟ್ ಬರೆದು ಉಳಿದ ಗಂಟೆಗಳನ್ನು ಅಳೆದಿಡುವುದು. ಕ್ಲೈಂಟಿನ ವ್ಯವಸ್ಥೆಯಲ್ಲಿ ಇಂತಹ ಕೆಲಸಕ್ಕೆ ಕೊರತೆಯಿರುವುದಿಲ್ಲ. ಬಿಲ್ ಆಗದ ಗಂಟೆಗಳಿಗೆ ಮ್ಯಾನೇಜರನ ಒಪ್ಪಿಗೆ ಪಡೆಯುವುದೇ ಕಷ್ಟದ ಭಾಗ, ಅದಕ್ಕಾಗಿ ಮೊದಲ ಕಂತನ್ನು ಸ್ವಂತ ಸಂಜೆಯಲ್ಲಿಯೇ ಮಾಡಿ ತೋರಿಸಬೇಕಾಗಿ ಬಂದರೂ ಬರಬಹುದು.

ಕಡೆಯದಾಗಿ ಕಾಲದ ವಿಷಯ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಅನೇಕವೇಳೆ 90 ದಿನ. ಆಳು ಬೇಕಾದ ಪ್ರಾಡಕ್ಟ್ ತಂಡಕ್ಕೆ ಮೂರು ತಿಂಗಳು ಕಾಯುವ ತಾಳ್ಮೆ ಸಾಮಾನ್ಯವಾಗಿ ಇರುವುದಿಲ್ಲ. ಈ ಕಾರಣದಿಂದ ಕೈಯಲ್ಲಿ ಬೇರೊಂದು ಆಫರ್ ಇಲ್ಲದೆಯೇ ಮೊದಲು ರಾಜೀನಾಮೆ ಕೊಟ್ಟು, ನೋಟಿಸಿನ ಅವಧಿಯಲ್ಲಿ ಇಂಟರ್‌ವ್ಯೂ ಕೊಡುವವರನ್ನೂ ಕಂಡಿದ್ದೇನೆ. ಮನೆಯ ಸಾಲದ ಕಂತು ಇರುವವರಿಗೆ ನಾನು ಅದನ್ನು ಹೇಳಲಾರೆ. ಅದಕ್ಕಿಂತ, ತನ್ನ ನೇಮಕದ ಪತ್ರವನ್ನು ತೆಗೆದು ಓದಿ, ಬಾಕಿ ದಿನಗಳ ಸಂಬಳವನ್ನು ಕಟ್ಟಿ ಬೇಗ ಬಿಡುವ ಬೈಔಟಿಗೆ ಅವಕಾಶವಿದೆಯೇ, ಅದು ತನ್ನ ಇಚ್ಛೆಯೋ ಅಥವಾ ಮ್ಯಾನೇಜರನ ಒಪ್ಪಿಗೆಗೆ ಒಳಪಟ್ಟದ್ದೋ, ಉಳಿದ ರಜೆಯನ್ನು ಅದಕ್ಕೆ ಸರಿಹೊಂದಿಸಬಹುದೋ ಎಂಬುದನ್ನು ಮೊದಲೇ ತಿಳಿದಿಟ್ಟುಕೊಂಡು, ರಿಕ್ರೂಟರನ ಮೊದಲ ಫೋನಿನಲ್ಲಿಯೇ ನಿಜವಾದ ದಿನಾಂಕವನ್ನು ಹೇಳಬೇಕು. 'ಮೂವತ್ತು ದಿನದಲ್ಲಿ ಬರುತ್ತೇನೆ' ಎಂದು ಹೇಳಿ, ಆಫರ್ ಪತ್ರ ಬಂದ ಮೇಲೆ ತೊಂಬತ್ತೆಂದು ತಿದ್ದಿದವರ ಆಫರುಗಳು ರದ್ದಾದದ್ದುಂಟು. ಬೈಔಟಿನ ಹಣವನ್ನು ಹೊಸ ಕಂಪನಿಯು ಕೊಡುವುದೋ ಇಲ್ಲವೋ ಎಂಬುದನ್ನು ಸಂಬಳದ ಮಾತು ನಡೆಯುತ್ತಿರುವಾಗಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಬೇಕು.